ಏಳು ಪ್ರಾಯೋಜಕರು, ಒಂದೇ ಕ್ಯಾಪ್ಷನ್: ಒಂದು ಪ್ರಕರಣ ಅಧ್ಯಯನ

ಇಲ್ಲಿ ಎತ್ತಿಕೊಂಡಿರುವುದು ಒಂದು ಮಾದರಿ ಪ್ರಕರಣ. ಓಟಗಾರರ ಕ್ಲಬ್ ಒಂದು 10 ಕಿಲೋಮೀಟರ್ ಓಟ ನಡೆಸಿದೆ, 480 ಜನ ಓಡಿದ್ದಾರೆ. ಏಳು ಸಂಸ್ಥೆಗಳು ಕೈಜೋಡಿಸಿವೆ. ಒಂದು ಬ್ಯಾಂಕ್ ಮುಖ್ಯ ಪ್ರಾಯೋಜಕ, ಅದು ಕೊಟ್ಟಿರುವುದು ಹಣ ಮಾತ್ರ. ಆಸ್ಪತ್ರೆಯೂ ಶೂ ಕಂಪನಿಯೂ ಎರಡನೇ ಹಂತದವು. ಮೈದಾನ ಕೊಟ್ಟ ಶಾಲೆ, ಓಟಗಾರರ ಎದೆಗೆ ಹಚ್ಚುವ ಬಿಬ್ ನಂಬರ್ ಅಚ್ಚು ಹಾಕಿದ ಮುದ್ರಣಾಲಯ, ನೀರು ಕೊಟ್ಟ ಕಂಪನಿ, ಧ್ವನಿವರ್ಧಕ ಹಾಕಿದ ಸಂಸ್ಥೆ, ಈ ನಾಲ್ಕೂ ಹಣದ ಬದಲು ವಸ್ತು ಅಥವಾ ಸೇವೆ ಕೊಟ್ಟವು. ಓಟ ಮುಗಿದ ಮರುದಿನ ಇನ್‌ಸ್ಟಾಗ್ರಾಮ್‌ನಲ್ಲಿ ಒಂದೇ ಪೋಸ್ಟ್ ಹೋಗಬೇಕು. ಏಳೂ ಹೆಸರು ಅದರಲ್ಲಿರಬೇಕು, ಓದಿದವರಿಗೆ ಏಳೂ ನೆನಪಿನಲ್ಲಿ ಉಳಿಯಬೇಕು.

ಕ್ಲಬ್ಬಿನವರ ಮೊದಲ ಕರಡು ಎಲ್ಲರೂ ಬರೆಯುವಂಥದ್ದೇ ಆಗಿತ್ತು.

«ನಮ್ಮ ಓಟವನ್ನು ಯಶಸ್ವಿಗೊಳಿಸಿದ [ಬ್ಯಾಂಕ್], [ಆಸ್ಪತ್ರೆ], [ಶೂ ಕಂಪನಿ], [ನೀರಿನ ಕಂಪನಿ], [ಮುದ್ರಣಾಲಯ], [ಧ್ವನಿ ಸಂಸ್ಥೆ] ಹಾಗೂ [ಶಾಲೆ] ಇವರೆಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು.»

ಇದರಲ್ಲಿ ತಪ್ಪೇನೂ ಇಲ್ಲ, ಆದರೆ ಓದುವವರ ಕಣ್ಣು ಎರಡನೇ ಅಲ್ಪವಿರಾಮ ದಾಟಿದ ಮೇಲೆ ನೇರವಾಗಿ «ಧನ್ಯವಾದಗಳು» ಎನ್ನುವಲ್ಲಿಗೆ ಜಾರುತ್ತದೆ. ನಡುವಿನ ನಾಲ್ಕೈದು ಹೆಸರುಗಳು ಇದ್ದೂ ಇಲ್ಲದಂತೆ. ಆಸ್ಪತ್ರೆಯ ಹೆಸರನ್ನೂ ಮುದ್ರಣಾಲಯದ ಹೆಸರನ್ನೂ ಅದಲುಬದಲು ಮಾಡಿದರೆ ವಾಕ್ಯಕ್ಕೆ ಏನೂ ಆಗುವುದಿಲ್ಲ. ಯಾರು ಏನು ಮಾಡಿದರು ಎಂಬುದನ್ನು ಆ ವಾಕ್ಯ ಹೊತ್ತೇ ಇಲ್ಲ ಎನ್ನುವುದಕ್ಕೆ ಇಷ್ಟು ಸಾಕು.

ಇದನ್ನು ಸರಿಪಡಿಸಲು ಹೊರಟವರು ಸಾಮಾನ್ಯವಾಗಿ ಹೆಸರಿಗೊಂದು ವಾಕ್ಯ ಕೊಡುತ್ತಾರೆ. ಎರಡನೇ ಕರಡಿನಲ್ಲಿ ಆದದ್ದೂ ಅದೇ.

«[ನೀರಿನ ಕಂಪನಿ] ಅವರು ಕುಡಿಯುವ ನೀರನ್ನು ಒದಗಿಸಿದರು. [ಆಸ್ಪತ್ರೆ] ಅವರು ವೈದ್ಯಕೀಯ ನೆರವನ್ನು ಒದಗಿಸಿದರು. [ಧ್ವನಿ ಸಂಸ್ಥೆ] ಅವರು ಧ್ವನಿವರ್ಧಕ ವ್ಯವಸ್ಥೆಯನ್ನು ಒದಗಿಸಿದರು.»

ಉದ್ದ ಮೂರು ಪಟ್ಟಾಯಿತು, ಪಟ್ಟಿ ಪಟ್ಟಿಯಾಗಿಯೇ ಉಳಿಯಿತು. ಕಾರಣ ವಾಕ್ಯದ ಕಟ್ಟಿನಲ್ಲಿದೆ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. ಪ್ರತಿ ವಾಕ್ಯವೂ ಹೆಸರಿನಿಂದ ಹೊರಟು «ಒದಗಿಸಿದರು» ಎಂದು ನಿಂತರೆ ಕಿವಿಗೆ ಅದೇ ತಾಳ ಮತ್ತೆ ಮತ್ತೆ ಬೀಳುತ್ತದೆ. ಮೂರನೇ ಸಲಕ್ಕೆ ಓದುಗರು ತಾಳವನ್ನು ಗುರುತು ಹಿಡಿದು ಓದುವುದನ್ನು ಬಿಡುತ್ತಾರೆ. «ಒದಗಿಸಿದರು» ತೆಗೆದು ಒಂದು ಕಡೆ «ನೀಡಿದರು», ಇನ್ನೊಂದು ಕಡೆ «ಕಲ್ಪಿಸಿದರು» ಎಂದು ಹಾಕಿದರೂ ಪ್ರಯೋಜನವಿಲ್ಲ, ಏಕೆಂದರೆ ತಾಳ ಹುಟ್ಟುತ್ತಿರುವುದು ಹೆಸರು ಕೂತಿರುವ ಜಾಗದಿಂದ.

ಇನ್ನೂ ಒಂದು ಕೊರತೆ ಆ ಕರಡಿನಲ್ಲಿತ್ತು. ಬ್ಯಾಂಕಿಗೆ «ಆರ್ಥಿಕ ನೆರವು ನೀಡಿದರು» ಎಂಬುದನ್ನು ಬಿಟ್ಟು ಬೇರೆ ಮಾತೇ ಸಿಕ್ಕಿರಲಿಲ್ಲ. ಎಲ್ಲರಿಗಿಂತ ಹೆಚ್ಚು ಕೊಟ್ಟವರಿಗೆ ಎಲ್ಲಕ್ಕಿಂತ ಬಡ ವಾಕ್ಯ. ನೀರು ಕಣ್ಣಿಗೆ ಕಾಣುತ್ತದೆ, ಶೂ ಕಾಣುತ್ತದೆ, ಹಣ ಕಾಣುವುದಿಲ್ಲ. ಪ್ರಾಯೋಜಕರ ಕ್ಯಾಪ್ಷನ್ನಿನಲ್ಲಿ ನ್ಯಾಯ ತಪ್ಪುವುದು ಹೆಚ್ಚಾಗಿ ಈ ಜಾಗದಲ್ಲಿ, ಹಾಗಾಗಿ ಬರವಣಿಗೆ ಶುರುವಾಗಬೇಕಾದದ್ದೂ ಇಲ್ಲಿಂದಲೇ.

ಕಾಣದ ಹಣಕ್ಕೆ ಆಕಾರ ಕೊಡಲು ಖಜಾಂಚಿಯ ಲೆಕ್ಕ ನೋಡಬೇಕು. ಈ ಪ್ರಕರಣದಲ್ಲಿ ಬ್ಯಾಂಕಿನ ಹಣ ಎರಡು ಕಡೆ ಹೋಗಿತ್ತು. ಒಂದು, ಮಾರ್ಗದ ಪ್ರತಿ ತಿರುವಿನಲ್ಲಿ ನಿಂತು ದಾರಿ ತೋರಿಸಿದ ಕಾವಲುಗಾರರ ಕೂಲಿ. ಇನ್ನೊಂದು, ಪ್ರತಿಯೊಬ್ಬರ ಸಮಯ ಅಳೆಯುವ ಚಿಪ್‌ಗಳ ಬಾಡಿಗೆ. ಓಡಿದವರೆಲ್ಲ ಈ ಎರಡನ್ನೂ ಕಂಡಿದ್ದಾರೆ, ಅವುಗಳ ಹಿಂದೆ ಬ್ಯಾಂಕ್ ಇದೆಯೆಂದು ಮಾತ್ರ ಗೊತ್ತಿಲ್ಲ. ಆ ಗಂಟು ಹಾಕಿಕೊಡುವುದೇ ಕ್ಯಾಪ್ಷನ್ನಿನ ಕೆಲಸ.

ಇಲ್ಲೊಂದು ಎಚ್ಚರ ಬೇಕು. ಉತ್ಸಾಹದಲ್ಲಿ ಯಾರೋ «ನಮಗಾಗಿ ರಸ್ತೆ ತೆರವು ಮಾಡಿಸಿದ್ದು [ಬ್ಯಾಂಕ್]» ಎಂದು ಬರೆದಿದ್ದರು. ಓದಲು ಚೆನ್ನಾಗಿದೆ, ಆದರೆ ಸುಳ್ಳು. ರಸ್ತೆಗೆ ಅನುಮತಿ ಕೊಟ್ಟದ್ದು ಅಧಿಕಾರ ಇರುವವರು, ಬ್ಯಾಂಕ್ ಭರಿಸಿದ್ದು ಕಾವಲಿನ ಖರ್ಚನ್ನಷ್ಟೇ. ಇಂಥ ವಾಕ್ಯ ಪ್ರಾಯೋಜಕರನ್ನೂ ಮುಜುಗರಕ್ಕೆ ಸಿಕ್ಕಿಸುತ್ತದೆ, ಅನುಮತಿ ಕೊಟ್ಟವರನ್ನೂ ನೋಯಿಸುತ್ತದೆ. ಎಲ್ಲರ ಹಣವೂ ಒಂದೇ ಹುಂಡಿಗೆ ಬಿದ್ದಿದ್ದು, ಯಾವುದು ಎಲ್ಲಿಗೆ ಹೋಯಿತೆಂದು ಬೇರ್ಪಡಿಸಲು ಆಗದಿದ್ದರೆ ಒಂದು ವಸ್ತುವನ್ನು ಒಬ್ಬರ ತಲೆಗೆ ಕಟ್ಟಬಾರದು. ಆಗ ಹಣದಿಂದ ಸಾಧ್ಯವಾದ ಒಂದು ನಿರ್ಧಾರವನ್ನು ಹುಡುಕಬೇಕು: ಪ್ರವೇಶ ಶುಲ್ಕ ಏರಿಸದೆ ಇದ್ದದ್ದು, ವಿದ್ಯಾರ್ಥಿಗಳಿಗೆ ಶುಲ್ಕ ಬಿಟ್ಟದ್ದು, ಇಂಥವು. ಅದೂ ಸಿಗದಿದ್ದರೆ «ಈ ಓಟದ ಖರ್ಚಿನ ಬಹುಪಾಲು» ಎಂದು ನೇರವಾಗಿ ಹೇಳಬಹುದು, ಲೆಕ್ಕ ಹಾಗೆ ಹೇಳುತ್ತಿದ್ದರೆ.

ಉಳಿದ ಆರು ಮಂದಿಯ ವಿಷಯದಲ್ಲೂ ಬರೆಯುವ ಮುಂಚೆ ಒಂದು ಹಾಳೆ ಬೇಕಾಯಿತು. ಅದರಲ್ಲಿ ಪ್ರತಿ ಪ್ರಾಯೋಜಕರ ಎದುರು ನಾಲ್ಕು ಸಂಗತಿ: ಅವರು ತಮ್ಮ ಹೆಸರನ್ನು ಬರೆಯುವ ರೀತಿ ಮತ್ತು ಅವರ ಖಾತೆಯ ಹೆಸರಾದ ಹ್ಯಾಂಡಲ್, ಒಪ್ಪಂದದಲ್ಲಿ ಕ್ಲಬ್ ಕೊಟ್ಟ ಮಾತು, ಅವರಿಂದ ಬಂದದ್ದು, ಅದು ಓಟಗಾರರ ಕೈಗೋ ಕಣ್ಣಿಗೋ ಕಿವಿಗೋ ತಾಗಿದ ಗಳಿಗೆ. ನಾಲ್ಕನೆಯದು ತುಂಬುವುದೇ ಕಷ್ಟ, ಕ್ಯಾಪ್ಷನ್ ನಿಲ್ಲುವುದೂ ಅದರ ಮೇಲೆ. «ಧ್ವನಿವರ್ಧಕ ವ್ಯವಸ್ಥೆ» ಎಂದರೆ ಯಾರಿಗೂ ಏನೂ ನೆನಪಾಗುವುದಿಲ್ಲ. ಕೊನೆಯ 200 ಮೀಟರಿನಲ್ಲಿ ತಮ್ಮ ಹೆಸರು ಮೊಳಗಿದ್ದು ಓಡಿದ ಎಲ್ಲರಿಗೂ ನೆನಪಿದೆ. ಈ ಗಳಿಗೆಗಳು ಕಚೇರಿಯ ಕಡತದಲ್ಲಿ ಸಿಗುವುದಿಲ್ಲ. ನೀರಿನ ಮೇಜಿನ ಬಳಿ ನಿಂತ ಸ್ವಯಂಸೇವಕರನ್ನು, ಬಿಬ್ ಹಂಚಿದವರನ್ನು, ಪ್ರಥಮ ಚಿಕಿತ್ಸೆಯ ಡೇರೆಯಲ್ಲಿದ್ದವರನ್ನು ಅದೇ ದಿನ ಕೇಳಬೇಕು. ಒಂದು ವಾರ ಕಳೆದರೆ «ಎಲ್ಲ ಚೆನ್ನಾಗಿತ್ತು» ಎಂಬುದಷ್ಟೇ ಉಳಿದಿರುತ್ತದೆ.

ಹಾಳೆ ತುಂಬಿದ ಮೇಲೆ ಏಳು ಗಳಿಗೆಗಳನ್ನು ಪೋಣಿಸಲು ದಾರ ಯಾವುದು ಎಂಬ ಪ್ರಶ್ನೆ. ಓಟದಲ್ಲಿ ಅದು ಸಿದ್ಧವಾಗಿಯೇ ಇದೆ: ಓಟಗಾರ ಮೈದಾನಕ್ಕೆ ಕಾಲಿಟ್ಟಲ್ಲಿಂದ ಬಹುಮಾನದ ವೇದಿಕೆಯವರೆಗಿನ ದಾರಿ. ಪ್ರತಿ ಪ್ರಾಯೋಜಕರೂ ಆ ದಾರಿಯಲ್ಲಿ ಎಲ್ಲಿ ಎದುರಾದರೋ ಅಲ್ಲೇ ಬರುತ್ತಾರೆ. ಈ ಕ್ರಮಕ್ಕೆ ಇನ್ನೊಂದು ಗುಣವಿದೆ. «ನಮ್ಮ ಹೆಸರು ಯಾಕೆ ಐದನೆಯದು?» ಎಂದು ಕೇಳಿದರೆ ಉತ್ತರ ಕೊಡುವುದು ಕ್ಲಬ್ಬಿನ ಒಲವಲ್ಲ, ಓಟದ ಮಾರ್ಗ. ಅಕಾರಾದಿ ಕ್ರಮವೂ ನಿಷ್ಪಕ್ಷಪಾತವೇ, ಆದರೆ ಅದು ಕಂಡ ಕೂಡಲೇ ಪಟ್ಟಿ ಅನ್ನಿಸುತ್ತದೆ. ಕೊಟ್ಟ ಹಣದ ಕ್ರಮವಂತೂ ಕೊನೆಯಲ್ಲಿರುವವರಿಗೆ ಅವರ ಜಾಗವನ್ನು ಎಲ್ಲರೆದುರು ತೋರಿಸಿಕೊಟ್ಟಂತೆ.

ದಾರಿಯ ಕ್ರಮವನ್ನು ಮುರಿದದ್ದು ಒಂದೇ ಕಡೆ. ಬ್ಯಾಂಕಿನ ಹೆಸರು ಮೊದಲು ಬರಬೇಕೆಂದು ಒಪ್ಪಂದದಲ್ಲಿತ್ತು. ಇನ್‌ಸ್ಟಾಗ್ರಾಮ್ ಕ್ಯಾಪ್ಷನ್ನಿಗೆ 2,200 ಅಕ್ಷರಗಳ ಮಿತಿ ಇಟ್ಟಿದೆ, ಆದರೆ ಫೀಡ್‌ನಲ್ಲಿ ತೋರಿಸುವುದು ಮೊದಲ ಒಂದೆರಡು ಸಾಲು ಮಾತ್ರ. ಉಳಿದದ್ದು ಮಡಿಕೆಯೊಳಗೆ ಅಡಗಿರುತ್ತದೆ, ಓದಲು ಒತ್ತಿ ತೆರೆಯಬೇಕು. ಹಾಗಾಗಿ ಬ್ಯಾಂಕಿನ ಹೆಸರು ಆ ಮಡಿಕೆಯ ಮೇಲೆಯೇ ಬರದಿದ್ದರೆ ಒಪ್ಪಂದ ಅಕ್ಷರದಲ್ಲಿ ನಡೆದು ಫಲದಲ್ಲಿ ತಪ್ಪುತ್ತದೆ. ಅಕ್ಷರ ಎಣಿಸುವಾಗ ಕನ್ನಡಕ್ಕೆ ಒಂದು ಕಷ್ಟವೂ ಉಂಟು: ಒತ್ತಕ್ಷರ, ಗುಣಿತದ ಚಿಹ್ನೆಗಳು ಕಂಪ್ಯೂಟರಿನ ಲೆಕ್ಕದಲ್ಲಿ ಬೇರೆ ಬೇರೆ ಸಂಕೇತಗಳು. «ಧನ್ಯವಾದಗಳು» ಕಣ್ಣಿಗೆ ಆರು ಅಕ್ಷರ, ಯೂನಿಕೋಡ್‌ನಲ್ಲಿ ಹತ್ತು. ಅದಕ್ಕೇ «ಹೃತ್ಪೂರ್ವಕ ಧನ್ಯವಾದಗಳು» ಎಂದು ಶುರು ಮಾಡುವುದು ದುಬಾರಿ. ಮಡಿಕೆಯ ಮೇಲಿನ ಜಾಗವನ್ನು ಎಲ್ಲರಿಗೂ ಗೊತ್ತಿರುವ ಮಾತೇ ತಿಂದುಹಾಕುತ್ತದೆ.

ಈಗ ವಾಕ್ಯದ ಕಟ್ಟು. ತಾಳ ಮುರಿಯಲು ಕನ್ನಡ ಕೊಡುವ ದಾರಿಗಳು ಹಲವು, ಈ ಕ್ಯಾಪ್ಷನ್ನಿಗೆ ಮೂರು ಸಾಕಾದವು. ಒಂದು, ಹೆಸರನ್ನು ಕೊನೆಗೆ ತಳ್ಳುವುದು: «ಪಾದದ ಅಳತೆ ನೋಡಿ ಕೊಟ್ಟವರು [ಶೂ ಕಂಪನಿ]». ಕೆಲಸ ಮೊದಲು ಬಂದು ಯಾರು ಎಂಬ ಕುತೂಹಲ ಹುಟ್ಟಿದ ಮೇಲೆ ಹೆಸರು ಬೀಳುತ್ತದೆ, ಆದ್ದರಿಂದ ಅದಕ್ಕೆ ಒತ್ತು ಹೆಚ್ಚು. ಎರಡು, ಹೆಸರನ್ನು ಇನ್ನೊಂದು ನಾಮಪದದ ಬೆನ್ನಿಗೆ ಕಟ್ಟುವುದು: «[ಶಾಲೆ] ಮೈದಾನದಿಂದ», «[ಆಸ್ಪತ್ರೆ] ತಂಡ». ಮೂರು, ಫಲವನ್ನು ಮೊದಲು ಹೇಳಿ ಹೆಸರಿರುವ ಕಾರಣವನ್ನು ಆಮೇಲೆ ತರುವುದು.

ಎರಡನೇ ದಾರಿಯಿಂದ ಇನ್ನೊಂದು ಲಾಭವಿದೆ. ಹ್ಯಾಂಡಲ್‌ಗೆ ವಿಭಕ್ತಿ ಪ್ರತ್ಯಯವನ್ನು ಅಂಟಿಸಿ ಬರೆದರೆ ನೋಡಲು ವಿಕಾರ, ಕೆಲವು ಕಡೆ ಕೊಂಡಿಯೂ ಕೆಲಸ ಮಾಡದೆ ಹೋಗಬಹುದು. ಹ್ಯಾಂಡಲ್ ಆದ ಮೇಲೆ ಒಂದು ಖಾಲಿ ಜಾಗ ಬಿಟ್ಟು ತಂಡ, ಮೈದಾನ, ಸ್ಪೀಕರ್, ನೀರು ಎಂಬಂಥ ಪದ ಇಟ್ಟರೆ ಪ್ರತ್ಯಯವನ್ನು ಆ ಪದವೇ ಹೊತ್ತುಕೊಳ್ಳುತ್ತದೆ. ಹ್ಯಾಂಡಲ್ ಮುಟ್ಟದೆ ಉಳಿಯುತ್ತದೆ, ಏನು ಕೊಟ್ಟರೆಂಬುದೂ ಅದೇ ಉಸಿರಿನಲ್ಲಿ ತಿಳಿಯುತ್ತದೆ.

ಕೊನೆಗೆ ಹೋದ ಕ್ಯಾಪ್ಷನ್ ಹೀಗಿತ್ತು. ಚೌಕ ಆವರಣದಲ್ಲಿರುವ ಕಡೆಗಳಲ್ಲೆಲ್ಲ ಅವರವರ ಹ್ಯಾಂಡಲ್ ಬರುತ್ತದೆ.

«480 ಜನ, 10 ಕಿ.ಮೀ., ತಿರುವಿಗೊಬ್ಬ ಕಾವಲು. ಆ ಕಾವಲನ್ನು ನಿಲ್ಲಿಸಿದ್ದು ಮುಖ್ಯ ಪ್ರಾಯೋಜಕರಾದ [ಬ್ಯಾಂಕ್] ; ಎದೆಯ ಚಿಪ್‌ಗಳ ಖರ್ಚೂ ಅವರದೇ.

ಕತ್ತಲಿರುವಾಗಲೇ ಗೇಟು ತೆರೆದು ದೀಪ ಹಾಕಿಟ್ಟಿದ್ದ [ಶಾಲೆ] ಮೈದಾನದಿಂದ ಓಟ ಹೊರಟಿತು. ಕೊನೆಯ ದಿನ ಹೆಸರು ಕೊಟ್ಟ 60 ಮಂದಿಗೂ ಬಿಬ್ ಸಿಕ್ಕಿತ್ತು, [ಮುದ್ರಣಾಲಯ] ರಾತ್ರಿಯೆಲ್ಲ ಯಂತ್ರ ನಿಲ್ಲಿಸಿರಲಿಲ್ಲ.

3, 5, 8ನೇ ಕಿಲೋಮೀಟರಿನಲ್ಲಿ ಚಾಚಿದ ಕೈಗೆ [ನೀರಿನ ಕಂಪನಿ] ನೀರು. ಕಟ್ಟಕಡೆಯ ಓಟಗಾರರಿಗೂ ಲೋಟ ಉಳಿದಿತ್ತು. 6ನೇ ಕಿಲೋಮೀಟರಿನ ಏರಿನಲ್ಲಿ ಸ್ನಾಯು ಹಿಡಿದು ಕೂತ 11 ಮಂದಿಯನ್ನು [ಆಸ್ಪತ್ರೆ] ತಂಡ ನೋಡಿಕೊಂಡಿತು. 9 ಮಂದಿ ಮತ್ತೆ ಓಡಿದರು.

ಕೊನೆಯ 200 ಮೀಟರಿನಲ್ಲಿ ಪ್ರತಿಯೊಬ್ಬರಿಗೂ ತಮ್ಮ ಹೆಸರು ಕೇಳಿಸಿದ್ದು [ಧ್ವನಿ ಸಂಸ್ಥೆ] ಸ್ಪೀಕರುಗಳಿಂದ. ಗೆದ್ದ ಆರು ಮಂದಿ ಹೊಸ ಶೂ ಹಾಕಿಕೊಂಡೇ ಮನೆಗೆ ಹೊರಟರು. ವೇದಿಕೆಯ ಪಕ್ಕದಲ್ಲೇ ಪಾದದ ಅಳತೆ ನೋಡಿ ಕೊಟ್ಟವರು [ಶೂ ಕಂಪನಿ].

[ಬ್ಯಾಂಕ್] ಮತ್ತು ಈ ಆರೂ ಸಂಸ್ಥೆಗಳವರಿಗೆ, ಓಡಿದ 480 ಜನರ ಪರವಾಗಿ ಧನ್ಯವಾದ. ಫಲಿತಾಂಶದ ಕೊಂಡಿ ಪ್ರೊಫೈಲ್‌ನಲ್ಲಿದೆ.»

«ಧನ್ಯವಾದ» ಒಮ್ಮೆ ಮಾತ್ರ ಬಂದಿದೆ, ಎಲ್ಲರಿಗೂ ಸೇರಿ, ಎಲ್ಲರೂ ಏನು ಮಾಡಿದರೆಂದು ಗೊತ್ತಾದ ಮೇಲೆ. ಅದನ್ನು ಹೇಳುತ್ತಿರುವುದು ಕ್ಲಬ್ಬಿನ ಪದಾಧಿಕಾರಿಗಳಲ್ಲ, ಓಡಿದವರು. ಯಾರ ಅನುಕೂಲಕ್ಕಾಗಿ ಪ್ರಾಯೋಜಕರು ಕೊಟ್ಟರೋ ಅವರ ಬಾಯಿಂದ ಬಂದಾಗ ಆ ಪದಕ್ಕೆ ಹೆಚ್ಚು ತೂಕ.

ಹಂತಗಳ ವ್ಯತ್ಯಾಸ ಎಲ್ಲಿ ಹೋಯಿತು ಎಂದು ಕೇಳಬಹುದು. ಅದು ಪದಗಳ ಎಣಿಕೆಯಲ್ಲಿದೆ. ಬ್ಯಾಂಕಿಗೆ 16 ಪದ, ಮಡಿಕೆಯ ಮೇಲಿನ ಜಾಗ, ಕೊನೆಯಲ್ಲಿ ಇನ್ನೊಮ್ಮೆ ಹೆಸರು. ಆಸ್ಪತ್ರೆಗೂ ಶೂ ಕಂಪನಿಗೂ ಹದಿನೈದು ಹದಿನೈದು. ಉಳಿದ ನಾಲ್ವರಲ್ಲಿ ಶಾಲೆ ಮತ್ತು ಧ್ವನಿ ಸಂಸ್ಥೆಗೆ ಒಂಬತ್ತೊಂಬತ್ತು, ಮುದ್ರಣಾಲಯ ಮತ್ತು ನೀರಿನ ಕಂಪನಿಗೆ ಹನ್ನೆರಡು ಹನ್ನೆರಡು. ಒಂದೇ ಹಂತದವರ ನಡುವೆ ಮೂರ್ನಾಲ್ಕು ಪದಗಳ ಅಂತರ ಓದುವವರಿಗೆ ತಿಳಿಯುವುದಿಲ್ಲ, ಎರಡು ಪಟ್ಟಾದರೆ ತಿಳಿಯುತ್ತದೆ. ಬರೆಯುವಾಗ ಎಣಿಸುತ್ತ ಕೂರಬೇಕಿಲ್ಲ. ಬರೆದು ಮುಗಿಸಿದ ಮೇಲೆ ಎಣಿಸಿದರೆ ಸಾಕು, ಯಾರಿಗೆ ಕಡಿಮೆ ಬಿದ್ದಿದೆ ಎಂಬುದು ತಾನಾಗಿ ಕಾಣುತ್ತದೆ. ಮೊದಲ ಸಲ ಎಣಿಸಿದಾಗ ಶಾಲೆಗೆ ಐದೇ ಪದ ಇತ್ತು. ಗೇಟು ತೆರೆದು ದೀಪ ಹಾಕಿಟ್ಟಿದ್ದನ್ನು ಹಾಳೆಯಿಂದ ತಂದು ಸೇರಿಸಿದ್ದು ಆಮೇಲೆ. ಉದ್ದಕ್ಕಾಗಿ ವಿಶೇಷಣ ತುರುಕುವುದು ಬೇರೆ, ಇನ್ನೊಂದು ನಿಜವಾದ ಸಂಗತಿ ತರುವುದು ಬೇರೆ.

ಇದಾದ ಮೇಲೆ ಅದಲುಬದಲಿನ ಪರೀಕ್ಷೆ. ಒಂದು ವಾಕ್ಯದ ಹೆಸರನ್ನು ಅಳಿಸಿ ಇನ್ನೊಬ್ಬರದನ್ನು ಇಟ್ಟು ನೋಡಬೇಕು. «6ನೇ ಕಿಲೋಮೀಟರಿನ ಏರಿನಲ್ಲಿ» ಎಂಬ ವಾಕ್ಯದಲ್ಲಿ ಮುದ್ರಣಾಲಯದ ಹೆಸರು ನಿಲ್ಲುವುದಿಲ್ಲ. «ಅಮೂಲ್ಯ ಸಹಕಾರ ನೀಡಿದ» ಎಂದಿದ್ದರೆ ಯಾರ ಹೆಸರಾದರೂ ನಿಲ್ಲುತ್ತಿತ್ತು, ಅಂದರೆ ಅದು ಇನ್ನೂ ಬರೆದು ಮುಗಿಯದ ವಾಕ್ಯ.

ಆಸ್ಪತ್ರೆಯ ವಾಕ್ಯದ ಬಗ್ಗೆ ಒಂದು ಮಾತು. 11, 9 ಎಂಬ ಸಂಖ್ಯೆ ಕೊಟ್ಟರೆ ಸಾಕು. ಯಾರಿಗೆ ಏನಾಯಿತು, ಯಾರು ಮತ್ತೆ ಓಡಲಿಲ್ಲ ಎಂಬುದು ಅವರವರ ಖಾಸಗಿ ವಿಷಯ. ಡೇರೆಯಲ್ಲಿ ಮಲಗಿದ್ದವರ ಮುಖ ಕಾಣುವ ಫೋಟೊ ಎಷ್ಟೇ ಚೆನ್ನಾಗಿದ್ದರೂ ಅವರ ಒಪ್ಪಿಗೆಯಿಲ್ಲದೆ ಹಾಕಬಾರದು. ಆಸ್ಪತ್ರೆಗೆ ಚಿತ್ರದಲ್ಲಿ ಜಾಗ ಬೇಕಿದ್ದರೆ ಸಿದ್ಧವಾಗಿ ನಿಂತ ತಂಡದ ಫೋಟೊ ಸಾಕು.

ಪೋಸ್ಟ್ ಮಾಡುವ ಮುಂಚೆ ಪ್ರತಿ ಪ್ರಾಯೋಜಕರಿಗೆ ಅವರ ವಾಕ್ಯವನ್ನಷ್ಟೇ ಕಳಿಸಿ «ಹೆಸರು, ಸಂಗತಿ ಸರಿಯಿದೆಯೇ?» ಎಂದು ಕೇಳಲಾಯಿತು. ಇಡೀ ಕ್ಯಾಪ್ಷನ್ ಕಳಿಸಿದರೆ ಹೋಲಿಕೆ ಶುರುವಾಗುತ್ತದೆ; «ಒಪ್ಪಿಗೆ ಕೊಡಿ» ಎಂದರೆ ತಿದ್ದಿ ಬರೆಯಲು ಕರೆದಂತೆ. ಆದರೂ ನೀರಿನ ಕಂಪನಿಯಿಂದ «ಅತ್ಯುನ್ನತ ಗುಣಮಟ್ಟದ ಶುದ್ಧ ನೀರು» ಎಂದು ಸೇರಿಸುವಂತೆ ಕೋರಿಕೆ ಬಂತು. ಒಬ್ಬರಿಗೆ ಹೊಗಳಿಕೆ ಸೇರಿಸಿದರೆ ಉಳಿದ ಆರು ಮಂದಿಯ ವಾಕ್ಯ ಆ ಕ್ಷಣವೇ ಸಪ್ಪೆಯಾಗುತ್ತದೆ. ಆ ಮಾತು ಜಾಹೀರಾತಿನದು, ಕ್ಲಬ್ ಅದನ್ನು ಪರೀಕ್ಷಿಸಿ ನೋಡಿದ್ದೂ ಅಲ್ಲ. ಹಾಗಾಗಿ ಕ್ಲಬ್ ಹೀಗೆ ಉತ್ತರಿಸಿತು: «ಸರ್, ಯಾರ ವಾಕ್ಯದಲ್ಲೂ ವಿಶೇಷಣ ಹಾಕಿಲ್ಲ. ಬದಲಿಗೆ ನಿಮ್ಮ ನೀರು ಕೊನೆಯವರಿಗೂ ಉಳಿದಿತ್ತು ಎಂಬುದನ್ನು ಸೇರಿಸುತ್ತೇವೆ, ಅದನ್ನು ಕಂಡವರು ಹೇಳಿದ್ದಾರೆ.» ಕಟ್ಟಕಡೆಯ ಓಟಗಾರರ ಲೋಟ ಕ್ಯಾಪ್ಷನ್ನಿಗೆ ಬಂದದ್ದು ಹಾಗೆ. ಗುಣವಾಚಕ ಕೇಳಿದವರಿಗೆ ಒಂದು ಸಂಗತಿ ಕೊಟ್ಟರೆ ಹೆಚ್ಚಿನವರು ಒಪ್ಪುತ್ತಾರೆ.

ಚಿತ್ರಗಳ ಕೆಲಸ ಸುಲಭ. ಒಂದರ ಹಿಂದೊಂದು ಸರಿಯುವ ಫೋಟೊಗಳನ್ನೂ ಅದೇ ದಾರಿಯ ಕ್ರಮದಲ್ಲಿಟ್ಟು, ಯಾರ ವಸ್ತು ಯಾವ ಫೋಟೊದಲ್ಲಿ ಕಾಣುತ್ತದೋ ಅಲ್ಲಿ ಅವರನ್ನು ಟ್ಯಾಗ್ ಮಾಡಲಾಯಿತು. ಏಳೂ ಟ್ಯಾಗ್‌ಗಳನ್ನು ಮೊದಲ ಫೋಟೊದ ಮೇಲೆ ಪೇರಿಸಿದರೆ ಕ್ಯಾಪ್ಷನ್ನಿನಿಂದ ಹೊರಗೆ ಹಾಕಿದ ಪಟ್ಟಿ ಚಿತ್ರದ ಮೇಲೆ ಬಂದು ಕೂರುತ್ತದೆ.

ಪೋಸ್ಟ್ ಹೋದ ಮೇಲೆ ಪ್ರತಿ ಹ್ಯಾಂಡಲನ್ನೂ ಒತ್ತಿ ನೋಡಲೇಬೇಕು. ಇಲ್ಲಿ ಮುದ್ರಣಾಲಯದ ಹ್ಯಾಂಡಲ್ ಬಹಳ ಕಾಲದಿಂದ ಬಳಕೆಯಲ್ಲಿಲ್ಲದ ಹಳೆಯ ಖಾತೆಗೆ ಹೋಗುತ್ತಿತ್ತು. ಹೆಸರು ಓದುವವರಿಗೆ ಕಾಣುತ್ತಿದ್ದರೂ ಮುದ್ರಣಾಲಯಕ್ಕೆ ಸೂಚನೆ ಹೋಗಿರಲಿಲ್ಲ. ಹಾಗಾಗಿ ಅವರು ಅದನ್ನು ತಮ್ಮ ಪುಟದಲ್ಲಿ ಹಂಚಿಕೊಳ್ಳುವುದೂ ಆಗುತ್ತಿರಲಿಲ್ಲ. ಹ್ಯಾಂಡಲನ್ನು ಹುಡುಕಿ ತೆಗೆದದ್ದೇ ತಪ್ಪಾಗಿತ್ತು, ಅವರನ್ನೇ ಕೇಳಿ ಬರೆದುಕೊಳ್ಳಬೇಕಿತ್ತು.

ಈ ದಾರಿಗೆ ಮಿತಿಯೂ ಇದೆ. ಹೆಸರುಗಳು ಎಂಟೊಂಬತ್ತರ ತನಕ ಒಂದೇ ದಾರದಲ್ಲಿ ಹಿಡಿಯುತ್ತವೆ. ಹದಿನೈದಾದರೆ ಎಷ್ಟೇ ಬಗೆಯಲ್ಲಿ ವಾಕ್ಯ ಕಟ್ಟಿದರೂ ಓದುವವರು ದಣಿಯುತ್ತಾರೆ. ಆಗ ಪೋಸ್ಟನ್ನು ಎರಡಾಗಿ ಒಡೆಯುವುದೇ ಸರಿ: ಓಟಕ್ಕೆ ಮುಂಚಿನ ಸಿದ್ಧತೆಗೆ ನೆರವಾದವರು ಒಂದರಲ್ಲಿ, ಓಟದ ದಿನದವರು ಇನ್ನೊಂದರಲ್ಲಿ. ಎರಡನ್ನೂ ಒಂದೇ ಗಾತ್ರದಲ್ಲಿ, ದಿನದ ಒಂದೇ ಹೊತ್ತಿಗೆ ಹಾಕಬೇಕು. ಇಲ್ಲದಿದ್ದರೆ ಎರಡನೆಯದು ಉಳಿದವರ ಪೋಸ್ಟ್ ಅನ್ನಿಸುತ್ತದೆ.

ಪೋಸ್ಟ್ ಹೋದ ಮಾರನೆಯ ದಿನ ಎಂಟನೇ ಹೆಸರೊಂದು ಹೊರಬಂತು. ಪ್ರಥಮ ಚಿಕಿತ್ಸೆಯ ಡೇರೆಗೆ ಐಸ್ ಕಳಿಸಿದ್ದ ಒಂದು ಸಂಸ್ಥೆ ಯಾವ ಹಾಳೆಯಲ್ಲೂ ಇರಲಿಲ್ಲ, ಏಕೆಂದರೆ ಮಾತುಕತೆ ನಡೆದದ್ದು ಫೋನಿನಲ್ಲಿ, ಅದೂ ಹಿಂದಿನ ರಾತ್ರಿ. ಇಂಥಲ್ಲಿ ಕೆಳಗೆ ಕಾಮೆಂಟ್ ಹಾಕಿ «ಇವರಿಗೂ ಧನ್ಯವಾದಗಳು» ಎಂದರೆ ಮರೆತದ್ದನ್ನು ಊರಿಗೆಲ್ಲ ಹೇಳಿದಂತಾಗುತ್ತದೆ. ಪೋಸ್ಟ್ ಆದ ಮೇಲೂ ಕ್ಯಾಪ್ಷನ್ ತಿದ್ದಬಹುದು. ದಾರಿಯ ಕ್ರಮದಲ್ಲಿ ಅವರಿಗೆ ಜಾಗವೂ ಸಿದ್ಧವಿತ್ತು. 6ನೇ ಕಿಲೋಮೀಟರಿನ ಏರಿನಲ್ಲಿ, ಆಸ್ಪತ್ರೆಯ ವಾಕ್ಯದ ಬೆನ್ನಿಗೆ, «ಹಿಡಿದ ಸ್ನಾಯುವಿಗೆ ಒತ್ತಿದ್ದು ನಸುಕಿಗೇ ಬಂದು ತಲುಪಿದ್ದ [ಐಸ್ ಸಂಸ್ಥೆ] ಐಸ್» ಎಂಬ ವಾಕ್ಯ ಸೇರಿತು. ಸಂಸ್ಥೆಯವರಿಗೆ ಫೋನ್ ಮಾಡಿ ಕ್ಷಮೆ ಕೇಳಲಾಯಿತು. ಕೊನೆಯ ಸಾಲಿನ «ಈ ಆರೂ ಸಂಸ್ಥೆಗಳವರಿಗೆ» ಎಂಬುದನ್ನು «ಏಳೂ» ಎಂದು ತಿದ್ದಲಾಯಿತು.